ಪೂರ್ತಿ ಸಂಬಳ

ವಡೋದರಾಕ್ಕೆ ಬಂದ ಮರುವರ್ಷ ಪ್ರೇಮಾಳಿಗೆ ವಾಘೋಡಿಯಾ ರಸ್ತೆಯ ಹೊಸ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯ ಕೆಲಸ ಸಿಕ್ಕಿತು. ಸರ್ಕಾರಿ ಸ್ಕೇಲಿನ ಸಂಬಳ, ಪಿ.ಎಫ್., ಬೇಸಿಗೆ ರಜೆಗೂ ದುಡ್ಡು. ಸುದ್ದಿ ಕೇಳಿ ಗಂಡ ಹಾಲೇಶ, "ಬ್ಯಾಸಿಗಿ ರಜಾಕ್ಕೂ ಕೊಡ್ತಾರಂತಾ?" ಎಂದು ಅದೊಂದನ್ನೇ ಮತ್ತೆ ಕೇಳಿದ.

ಅವನು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಹಾಲೇಶ ಹರಿಹರದ ಗರಡಿಯಲ್ಲಿ ಬೆಳೆದು, ಭಾರ ಎತ್ತುವುದರಲ್ಲಿ ರಾಜ್ಯಮಟ್ಟದ ಪದಕ ಗೆದ್ದವನು. ಗುಜರಾತಿಗೆ ಬಂದವನು ಮೊದಲು ಸೇರಿದ್ದು ಅಹಮದಾಬಾದಿನ ಒಂದು ಜಿಮ್ಮಿಗೆ. ಅಲ್ಲಿ ಸಂಬಳವೆಂಬುದೇ ಇರಲಿಲ್ಲ. ತಂದ ಸದಸ್ಯರ ಫೀಸಿನಲ್ಲಿ ಪಾಲು, ಅಷ್ಟೇ. ಮಳೆಗಾಲದಲ್ಲಿ, ಮದುವೆ ಸೀಸನ್ನಿನಲ್ಲಿ, ನವರಾತ್ರಿಯ ಗರ್ಬಾ ಕುಣಿತದ ಒಂಬತ್ತು ದಿನವೂ ಜಿಮ್ ಖಾಲಿ, ಹಾಲೇಶನ ಜೇಬೂ ಖಾಲಿ. ಈಗ ವಡೋದರಾದ ಅಲ್ಕಾಪುರಿಯ ಜಿಮ್ಮಿನಲ್ಲಿ ಬೇಸಿಕ್ ಎಂದು ಒಂದಿಷ್ಟು ಕೊಡುತ್ತಿದ್ದರು, ಅದರ ಮೇಲೆ ಪರ್ಸನಲ್ ಟ್ರೇನಿಂಗಿನಲ್ಲಿ ಪಾಲು. ಆದರೆ ಮುಂಬೈಯಲ್ಲಿ ವಾರಾಂತ್ಯದ ಕೋರ್ಸು ಮಾಡಿ ಅಮೆರಿಕದ ಸಂಸ್ಥೆಯ ಸರ್ಟಿಫಿಕೇಟು ತಂದ ಹುಡುಗರು ಸೇರಿಕೊಂಡ ಮೇಲೆ, ಮಾಲೀಕ ಒಳ್ಳೆಯ ಗಿರಾಕಿಗಳನ್ನೆಲ್ಲ ಅವರಿಗೇ ಹಂಚತೊಡಗಿದ. ಹಾಲೇಶನ ಹತ್ತಿರ ಪದಕವಿತ್ತು, ಕಾಗದವಿರಲಿಲ್ಲ.

ಈ ಕಸುಬಿನವರು ಎಲ್ಲೇ ಎದುರಾದರೂ ಆರೋಗ್ಯ ವಿಚಾರಿಸುವ ಮೊದಲು ಎರಡು ಮಾತು ಕೇಳುತ್ತಿದ್ದರು: ನಿಮ್ಮಲ್ಲಿ ಫಿಕ್ಸೆಡ್ ಎಷ್ಟು, ಯಾವ ಪೇಪರ್ ಕೇಳ್ತಾರೆ? ಜಿಮ್ಮಿನವರು ಇಂಗ್ಲಿಷ್ ಸರ್ಟಿಫಿಕೇಟು ಕೇಳಿ ಪಾಲಿನ ಆಸೆ ತೋರಿಸುತ್ತಿದ್ದರು. ಅಕಾಡೆಮಿಯವರಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಬೇಕು. ಶಾಲೆಗೆ ದೈಹಿಕ ಶಿಕ್ಷಣದ ಪದವಿ, ಬಿ.ಪಿ.ಎಡ್., ಇರಬೇಕು. ಪ್ರೇಮಾ ರಾಣೆಬೆನ್ನೂರಿನವಳು, ವಿಶ್ವವಿದ್ಯಾಲಯದ ಖೋಖೋ ತಂಡಕ್ಕೆ ಆಡಿದವಳು, ಧಾರವಾಡದಲ್ಲಿ ಬಿ.ಪಿ.ಎಡ್. ಮುಗಿಸಿದವಳು. ಹಾಗಾಗಿ ಮನೆಯಲ್ಲಿದ್ದ ಒಂದೇ ಒಂದು ನಿಜವಾದ ಕಾಗದ ಅವಳದು.

ಆ ಕಾಗದವನ್ನು ಶಾಲೆಯ ಟ್ರಸ್ಟಿ ಗಿರಿಧರಭಾಯಿ ಮೊದಲ ದಿನವೇ ಎರಡೂ ಕೈಯಲ್ಲಿ ಹಿಡಿದು ಓದಿದರು. ಗಟ್ಟಿ ಮೈಕಟ್ಟಿನ, ಮೆಲುದನಿಯ ಮನುಷ್ಯ. ಶಾಲೆಗೆ ಕೇಂದ್ರೀಯ ಬೋರ್ಡಿನ ಮಾನ್ಯತೆ ಬರಬೇಕಾಗಿದೆ, ತಪಾಸಣೆಗೆ ಸಮಿತಿ ಬಂದಾಗ ಎಲ್ಲ ಶಿಕ್ಷಕರ ಮೂಲಪತ್ರಗಳೂ ಆಫೀಸಿನಲ್ಲಿರಬೇಕು ಎಂದು ವಿವರಿಸಿ, ಅವಳ ಪದವಿ ಪತ್ರವನ್ನೂ ಅಂಕಪಟ್ಟಿಗಳನ್ನೂ ಫೈಲಿಗೆ ಸೇರಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಎಲ್ಲರದೂ ಅಲ್ಲೇ ಇತ್ತು. ಪ್ರೇಮಾಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ತಪ್ಪು ಕಂಡದ್ದು ಮೊದಲ ಸಂಬಳದ ವಾರ. ಅಕೌಂಟೆಂಟು ಅವಳನ್ನು ಕರೆದು, ಅವಳ ಹೆಸರಿನಲ್ಲಿ ಬ್ಯಾಂಕಿನಿಂದ ಬಂದ ಚೆಕ್‌ಬುಕ್ಕನ್ನು ಮುಂದಿಟ್ಟು, ಪ್ರತಿ ಹಾಳೆಗೂ ಸಹಿ ಹಾಕಿ ಎಂದ. ಮೊತ್ತದ ಜಾಗ ಖಾಲಿ. ಪಾಸ್‌ಬುಕ್ಕೂ ಆಫೀಸಿನಲ್ಲೇ ಇರುತ್ತದಂತೆ. ಸ್ಕೇಲಿನ ಪ್ರಕಾರ ಪೂರ್ತಿ ಸಂಬಳ ಅವಳ ಖಾತೆಗೆ ಜಮೆಯಾಗುತ್ತದೆ, ಅದರಲ್ಲಿ ಅರ್ಧಕ್ಕೂ ಹೆಚ್ಚನ್ನು ಆಫೀಸಿನವರೇ ಅವಳ ಚೆಕ್ಕಿನಿಂದ, ಅವಳೇ ತೆಗೆದ ಹಾಗೆ, ತೆಗೆದುಕೊಳ್ಳುತ್ತಾರೆ, ಉಳಿದದ್ದು ಅವಳದು. ಪಿ.ಎಫ್.ನಲ್ಲಿ ಶಾಲೆಯ ಪಾಲನ್ನೂ ಅವಳ ಕೈಗೆ ಬರುವುದರಿಂದಲೇ ಮುರಿದುಕೊಳ್ಳುತ್ತಾರೆ. ಅಕೌಂಟೆಂಟು ಇದನ್ನೆಲ್ಲ ಟೈಮ್‌ಟೇಬಲ್ ಓದಿದ ಹಾಗೆ ಹೇಳಿದ. ಪಕ್ಕದಲ್ಲಿ ಗಣಿತದ ಮೇಷ್ಟರು ತಮ್ಮ ಚೆಕ್ಕುಗಳಿಗೆ ಸಹಿ ಹಾಕುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಪ್ರೇಮಾ ಪೆನ್ನು ತೆಗೆದುಕೊಂಡಳು.

ಮನೆಗೆ ಬಂದು ಹೇಳಿದಾಗ ಹಾಲೇಶನಿಗೆ ಸಿಟ್ಟು ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. "ಎಲ್ಲಾ ಕಡೀಗೂ ಒಂದು ತೂತು ಇದ್ದೇ ಇರತೈತಿ. ನಮ್ಮ ಜಿಮ್ನಾಗ ಕಾಣೋ ಹಂಗ ಐತಿ, ನಿಮ್ಮ ಸಾಲ್ಯಾಗ ಮುಚ್ಚಿಟ್ಟಾರ" ಎಂದ. ಅವಳ ಕೈಗೆ ಬಂದದ್ದು ಅವನ ಬೇಸಿಕ್‌ಗಿಂತ ಹೆಚ್ಚೇ ಇತ್ತು. ಬಾಡಿಗೆ ಅದರಲ್ಲೇ ಹೋಗಬೇಕಾಗಿತ್ತು.

ಶಾಲೆಯಲ್ಲಿ ಅವಳಿಗೆ ಮನಸ್ಸು ಬಿಚ್ಚಿ ಮಾತಾಡಲು ಸಿಕ್ಕವಳೆಂದರೆ ಸ್ಕೇಟಿಂಗ್ ಕಲಿಸುತ್ತಿದ್ದ ಪೂರ್ವಿ. ವಡೋದರಾದ ಹುಡುಗಿ, ರಾಜ್ಯಕ್ಕೆ ಆಡಿದವಳು, ಡಿಗ್ರಿ ಅರ್ಧಕ್ಕೆ ಬಿಟ್ಟವಳು. ಶಾಲೆಯ ಹಾಜರಿಯಲ್ಲಿ ಪೂರ್ವಿಯ ಹೆಸರೇ ಇರಲಿಲ್ಲ. ಒಂದೊಂದು ಮಗುವಿನ ಫೀಸಿನಲ್ಲಿ ಶಾಲೆಗೊಂದು ಪಾಲು, ಅವಳಿಗೊಂದು ಪಾಲು. ರಜೆ ಬಂದರೆ ಏನೂ ಇಲ್ಲ. ಚೆಕ್ಕಿನ ವಿಷಯ ಕೇಳಿ ಪೂರ್ವಿ ನಕ್ಕಳು. ಕದಿಯುವುದಕ್ಕಾದರೂ ನಿನ್ನ ಹತ್ತಿರ ಏನೋ ಇದೆಯಲ್ಲ ಬೆನ್, ನನ್ನ ಹತ್ತಿರ ಅದೂ ಇಲ್ಲ, ಎಂದಳು. ಬೆನ್ ಎಂದರೆ ಅಲ್ಲಿ ಅಕ್ಕ.

ಹೀಗೆ ಒಂದು ವರ್ಷ ಕಳೆಯಿತು. ಪ್ರೇಮಾ ಕಲ್ಲು ಆರಿಸಿ ಮೈದಾನ ಮಾಡಿದಳು, ಕಂಬ ನೆಡಿಸಿದಳು, ಸಲ್ವಾರಿನ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ ಓಡಲು ಕಲಿತ ಹುಡುಗಿಯರ ಒಂದು ಖೋಖೋ ತಂಡ ಕಟ್ಟಿದಳು. ಆ ತಂಡವನ್ನು ಸೂರತ್ತಿನ ಪಂದ್ಯಾವಳಿಗೆ ಕರೆದುಕೊಂಡು ಹೋದಾಗ, ಆಟದ ಬಿಸಿಯಲ್ಲಿ ಅವಳ ಬಾಯಿಂದ ಕನ್ನಡ ಹೊರಟುಬಿಟ್ಟಿತು. "ಏ, ಕಂಬ ಬಿಟ್ಟು ಎಲ್ಲಿ ಓಡ್ತಿಯೇ!"

ಬೆನ್ನ ಹಿಂದೆ ಯಾರೋ ನಕ್ಕರು. ನೆರೆಗೂದಲಿನ, ನೆಟ್ಟಗೆ ನಿಂತ ಒಬ್ಬ ಹಿರಿಯರು. ಹೆಸರು ಬಾಲಚಂದ್ರ, ಮಂಡ್ಯದ ಕಡೆಯವರು. ವಾಯುಪಡೆಯಲ್ಲಿದ್ದು, ಪಟಿಯಾಲದಲ್ಲಿ ಡಿಪ್ಲೊಮಾ ಮಾಡಿ ಈಗ ಸೂರತ್ತಿನ ಹೊರವಲಯದಲ್ಲಿ ಬಟ್ಟೆ ಗಿರಣಿಯ ಕುಟುಂಬವೊಂದು ನಡೆಸುತ್ತಿದ್ದ ವಸತಿ ಅಕಾಡೆಮಿಯಲ್ಲಿ ಮುಖ್ಯ ಕೋಚ್. ಸಂಜೆಯವರೆಗೂ ಕೂತು ಅವಳ ಹುಡುಗಿಯರ ಆಟ ನೋಡಿದರು. ಹೋಗುವಾಗ, ತಮ್ಮಲ್ಲಿ ಹೆಣ್ಣುಮಕ್ಕಳ ವಿಭಾಗಕ್ಕೆ ಒಬ್ಬ ಕೋಚ್ ಬೇಕಾಗಿದ್ದಾರೆ ಎಂದರು. ಸಂಬಳ ಶಾಲೆಯ ಸ್ಕೇಲಿನಷ್ಟಿಲ್ಲ, ಆದರೆ ಎಲ್ಲವೂ ಕೈಗೇ ಬರುತ್ತದೆ. ಇರಲು ಕ್ವಾರ್ಟರ್ಸ್ ಇದೆ. ಎರಡು ವರ್ಷ ಕೆಲಸ ಮಾಡಿದವರನ್ನು ಅಕಾಡೆಮಿಯೇ ಖರ್ಚು ಹಾಕಿ ಪಟಿಯಾಲಕ್ಕೆ ಕಳಿಸುತ್ತದೆ. ಜಿಮ್ ಹಾಲ್‌ಗೂ ಒಬ್ಬರು ಬೇಕು, ಗಂಡ ಭಾರ ಎತ್ತುವವರೆಂದರೆ ನೋಡೋಣ.

"ಒರಿಜಿನಲ್ಸು, ಎಕ್ಸ್‌ಪೀರಿಯೆನ್ಸ್ ಲೆಟರು, ಈಗಿನ ಸಂಬಳದ ಪ್ರೂಫು. ಇಷ್ಟು ತನ್ನಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರು.

ವಡೋದರಾಕ್ಕೆ ಹಿಂದಿರುಗುವ ರೈಲಿನಲ್ಲಿ ಹುಡುಗಿಯರು ಹಾಡುತ್ತಿದ್ದರು. ನರ್ಮದೆಯ ಸೇತುವೆ ಬಂದಾಗ ಎಲ್ಲರೂ ಕಿಟಕಿಯಿಂದ ನಾಣ್ಯ ಎಸೆದರು. ಪ್ರೇಮಾಳೂ ಎಸೆದಳು. ಅವಳು ಹಾಗೆಲ್ಲ ಮಾಡುವವಳಲ್ಲ.

ಗಿರಿಧರಭಾಯಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ. ಚಹಾ ತರಿಸಿದರು. ಸಮಿತಿ ಇನ್ನೇನು ಬರುವುದರಲ್ಲಿದೆ, ಬಿ.ಪಿ.ಎಡ್. ಆದ ದೈಹಿಕ ಶಿಕ್ಷಕರಿಲ್ಲದೆ ಮಾನ್ಯತೆ ಸಿಗುವುದಿಲ್ಲ, ಮಾನ್ಯತೆ ಸಿಗದಿದ್ದರೆ ಒಂಬತ್ತನೇ ತರಗತಿಯ ಮಕ್ಕಳು ಮುಂದಿನ ವರ್ಷ ಬೋರ್ಡ್ ಪರೀಕ್ಷೆಗೆ ಎಲ್ಲಿ ಕೂರಬೇಕು, ಎಂದು ಅವಳನ್ನೇ ಕೇಳಿದರು. ಆ ಒಂಬತ್ತನೇ ತರಗತಿಯಲ್ಲಿ ಅವಳ ತಂಡದ ಅರ್ಧ ಹುಡುಗಿಯರಿದ್ದರು. ತಪಾಸಣೆ ಮುಗಿಯಲಿ, ನಾನೇ ಒಳ್ಳೆಯ ಪತ್ರ ಬರೆದುಕೊಡುತ್ತೇನೆ, ಮೂಲಪತ್ರಗಳೂ ಆಗ ಸಿಗುತ್ತವೆ, ಎಂದರು. ಚಹಾ ತಣ್ಣಗಾಗುತ್ತಿತ್ತು. ಅವಳು ಅದನ್ನು ಕುಡಿದು ಎದ್ದು ಬಂದಳು.

ಹಾಲೇಶ ಧಾರವಾಡಕ್ಕೆ ಬರೆದು ನಕಲು ಪದವಿ ಪತ್ರ ತರಿಸಲು ಆಗುತ್ತದೆಯೇ ಎಂದು ವಿಚಾರಿಸಿದ. ಆಗುತ್ತಿತ್ತು. ಅದಕ್ಕೆ ಮೂಲಪತ್ರ ಕಳೆದುಹೋಗಿದೆ ಎಂದು ಪೊಲೀಸರಿಗೆ ದೂರು ಕೊಡಬೇಕು, ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ಕಳೆದಿಲ್ಲದ್ದನ್ನು ಕಳೆದಿದೆ ಎಂದು ಬರೆದುಕೊಡುವುದಕ್ಕೆ ಪ್ರೇಮಾ ಒಪ್ಪಲಿಲ್ಲ.

ಸಮಿತಿಯಲ್ಲಿ ಇಬ್ಬರಿದ್ದರು: ದೆಹಲಿಯಿಂದ ಬಂದ ಒಬ್ಬ ಅಧಿಕಾರಿ, ಬೇರೊಂದು ಊರಿನ ಶಾಲೆಯ ಪ್ರಾಂಶುಪಾಲೆ. ಅವರು ಪ್ರಯೋಗಾಲಯ ನೋಡಿದರು, ಲೈಬ್ರರಿಯ ಪುಸ್ತಕಗಳ ಧೂಳು ಒರೆಸಿ ನೋಡಿದರು, ಮೈದಾನದ ಉದ್ದಕ್ಕೂ ನಡೆದರು. ಆಮೇಲೆ ಪ್ರಾಂಶುಪಾಲರ ಕೋಣೆಯಲ್ಲಿ ಕೂತು ಶಿಕ್ಷಕರನ್ನು ಒಬ್ಬೊಬ್ಬರಾಗಿ ಕರೆದರು. ಹೊರಗಿನ ಬೆಂಚಿನ ಹತ್ತಿರ ಅಕೌಂಟೆಂಟು ಒಬ್ಬೊಬ್ಬರಿಗೂ ಅವರವರ ಫೈಲು ಕೊಟ್ಟು, ಹೊರಬಂದ ಕೂಡಲೇ ವಾಪಸು ತೆಗೆದುಕೊಳ್ಳುತ್ತಿದ್ದ. ಫೈಲಿನಲ್ಲಿ ಮೂಲಪತ್ರಗಳಿದ್ದವು, ಸಮಿತಿಗೆ ತೋರಿಸಲೆಂದು ಪಾಸ್‌ಬುಕ್ಕೂ ಇತ್ತು. ಪೂರ್ವಿಗೆ ಅಂದು ರಜೆ ಹಾಕಿ ಮನೆಯಲ್ಲಿರಲು ಹೇಳಿದ್ದರು.

ಅಧಿಕಾರಿ ಪ್ರೇಮಾಳ ಪದವಿ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು, ಪಾಸ್‌ಬುಕ್ಕಿನ ಪುಟ ತಿರುವಿದರು. ಪ್ರಾಂಶುಪಾಲೆ ಕನ್ನಡಕ ತೆಗೆದು, ಹಿಂದಿಯಲ್ಲಿ, ಅಕ್ಕರೆಯಿಂದಲೇ ಕೇಳಿದರು:

"ಸಂಬಳ ಪೂರ್ತಿ ಕೈಗೆ ಬರುತ್ತದೆಯೇ? ಹೆದರಬೇಡಿ, ಹೇಳಿ."

ಪ್ರೇಮಾ ಈ ಪ್ರಶ್ನೆ ಬರುತ್ತದೆಂದು ತಿಳಿದೇ ಬಂದಿದ್ದಳು. ಇಲ್ಲ ಎಂದರೆ ಏನಾಗುತ್ತದೆ ಎಂಬುದನ್ನೂ ಎಣಿಸಿದ್ದಳು. ಮಾನ್ಯತೆ ನಿಲ್ಲುತ್ತದೆ. ಹುಡುಗಿಯರ ವರ್ಷ ಹಾಳಾಗುತ್ತದೆ. ಅನುಭವದ ಪತ್ರ ಸಿಗುವುದಿಲ್ಲ. ತಾನು ಬಾಯಿಬಿಟ್ಟವಳೆಂದು ಊರಿನ ಬೇರೆ ಶಾಲೆಗಳಿಗೂ ಗೊತ್ತಾಗುತ್ತದೆ, ಅವರೂ ಇದೇ ದಾರಿಯವರು ತಾನೇ? ಆ ಹೆಂಗಸಿನ ಮುಖದಲ್ಲಿ ಉತ್ತರ ಮೊದಲೇ ಗೊತ್ತಿದ್ದಂತಿತ್ತು. ಬಹುಶಃ ಅವರ ಶಾಲೆಯಲ್ಲೂ ಒಂದು ಕಪಾಟು ಇತ್ತು.

"ಹೌದು ಮ್ಯಾಡಂ. ಪೂರ್ತಿ ಬರುತ್ತದೆ" ಎಂದಳು. ಅಧಿಕಾರಿ ಅದನ್ನು ಬರೆದುಕೊಂಡು, ಕೆಳಗೆ ಅವಳ ಸಹಿ ಪಡೆದರು.

ಹೊರಗೆ ಬಂದಾಗ ಅಕೌಂಟೆಂಟು ಬೆಂಚಿನ ಹತ್ತಿರ ಇರಲಿಲ್ಲ. ಸಮಿತಿಯವರ ಊಟದ ವ್ಯವಸ್ಥೆ ನೋಡಲು ಕ್ಯಾಂಟೀನಿಗೆ ಹೋಗಿದ್ದ. ಪ್ರೇಮಾ ಫೈಲನ್ನು ಹಿಡಿದು ನಿಂತಳು. ಅವಳದೇ ಹೆಸರು, ಧಾರವಾಡದ ಮುದ್ರೆ. ಯಾರೂ ಕೇಳಲಿಲ್ಲ. ಅವಳು ಅದನ್ನು ಶಟಲ್ ಬ್ಯಾಟುಗಳ ಚೀಲದೊಳಗೆ ಇಟ್ಟುಕೊಂಡು, ಕೊನೆಯ ಪೀರಿಯಡ್ ಮುಗಿಸಿ, ಎಂದಿನ ಹಾಗೆ ಶಾಲೆಯ ಬಸ್ಸು ಹತ್ತಿದಳು.

ಮರುದಿನ ಭಾನುವಾರ. ಗಂಡ ಹೆಂಡತಿ ಸೂರತ್ತಿಗೆ ಹೋದರು. ಅಕಾಡೆಮಿಯ ಮೈದಾನ ನೋಡಿ ಹಾಲೇಶ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದ. ಬಾಲಚಂದ್ರ ಇಬ್ಬರನ್ನೂ ಆಫೀಸಿನಲ್ಲಿ ಕೂರಿಸಿಕೊಂಡರು. ಪದವಿ ಪತ್ರ ನೋಡಿ ತಲೆಯಾಡಿಸಿದರು. ಅನುಭವದ ಪತ್ರ ಆಮೇಲೆ ಬರಲಿ ಎಂದರು. ಪಾಸ್‌ಬುಕ್ಕು ತೆರೆದಾಗ ಅವರ ಬೆರಳು ಜಮೆಯ ಅಂಕಣದ ಮೇಲೆ ನಿಂತುಬಿಟ್ಟಿತು.

ಇಷ್ಟು ಸಂಬಳ ಬಿಟ್ಟು ಇದಕ್ಕಿಂತ ಕಡಿಮೆಗೆ ಯಾಕೆ ಬರುತ್ತೀರಿ, ಎಂದು ಅವರು ಕೇಳಿದರು. ಅನುಮಾನದಿಂದಲ್ಲ, ಆದರೆ ಮ್ಯಾನೇಜ್‌ಮೆಂಟಿನವರು ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲೇನೋ ಗಲಾಟೆ ಮಾಡಿಕೊಂಡು ಓಡಿ ಬರುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಹಿಂದೊಮ್ಮೆ ಹಾಗೆ ಬಂದ ಒಬ್ಬ ಕೋಚಿನಿಂದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ತೊಂದರೆಯಾಗಿ ಕೈ ಸುಟ್ಟುಕೊಂಡಿದ್ದಾರೆ.

ಪ್ರೇಮಾ ಎಲ್ಲವನ್ನೂ ಹೇಳಿದಳು. ಚೆಕ್ಕು, ಪಿ.ಎಫ್., ಕಪಾಟು. ಬಾಲಚಂದ್ರರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಂಗೆ ಗೊತ್ತಾಗುತ್ತಮ್ಮ. ಆದ್ರೆ ಟ್ರಸ್ಟಿನೋರಿಗೆ ಬಾಯಿಮಾತು ಸಾಲಲ್ಲ. ಇದು ನನ್ನ ನಿಜವಾದ ಸಂಬಳ ಅಲ್ಲ ಅಂತ ಎರಡು ಸಾಲು ಬರೆದುಕೊಡಿ. ನಾಳೆನೇ ಆರ್ಡರ್ ಕೊಡಿಸ್ತೀನಿ."

ಹಾಲೇಶ ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಇಟ್ಟ. ಪ್ರೇಮಾ ಪೆನ್ನನ್ನು ಮುಟ್ಟಲಿಲ್ಲ. ಪೂರ್ತಿ ಬರುತ್ತದೆ ಎಂದು ಸಮಿತಿಗೆ ಸಹಿ ಮಾಡಿ ಒಂದು ದಿನವಾಗಿತ್ತಷ್ಟೆ. ಈಗ ಬರುವುದಿಲ್ಲ ಎಂದು ಬರೆದರೆ, ಎರಡರಲ್ಲಿ ಒಂದು ಸುಳ್ಳು, ಎರಡಕ್ಕೂ ತನ್ನ ಸಹಿ. ಗಿರಣಿಯವರು, ಶಾಲೆಯವರು, ಎಲ್ಲ ಒಂದೇ ಕ್ಲಬ್ಬಿನಲ್ಲಿ ಕೂತು ಮಾತಾಡುವ ಜನ. ಆ ಕಾಗದ ಗಿರಿಧರಭಾಯಿಯ ಕೈಗೆ ಹೋದರೆ, ಸಮಿತಿಗೆ ಸುಳ್ಳು ಹೇಳಿದವಳೆಂದು ಅವರೇ ಅವಳ ಮೇಲೆ ದೂರು ಕೊಡಬಲ್ಲರು. ಅವಳು ಇದನ್ನು ಹೇಳಿದಾಗ ಬಾಲಚಂದ್ರ ಪಾಸ್‌ಬುಕ್ಕನ್ನು ಮುಚ್ಚಿ ಅವಳತ್ತ ಸರಿಸಿದರು.

ಇನ್ನೊಂದು ದಾರಿಯಿದೆ, ಆದರೆ ಹೇಳಲು ತಮಗೇ ನಾಚಿಕೆ, ಎಂದರು ಆಮೇಲೆ. ಕಾಂಟ್ರ್ಯಾಕ್ಟಿನ ಮೇಲೆ ಬನ್ನಿ. ಬ್ಯಾಚಿಗೆ ಇಷ್ಟೆಂದು ಕೊಡುತ್ತಾರೆ, ಕಾಗದ ಯಾರೂ ಕೇಳುವುದಿಲ್ಲ. ಕ್ವಾರ್ಟರ್ಸ್ ಇಲ್ಲ, ರಜೆಗೆ ಸಂಬಳವಿಲ್ಲ, ಪಟಿಯಾಲವೂ ಇಲ್ಲ.

ಪ್ರೇಮಾ ಹಾಲೇಶನ ಕಡೆ ನೋಡಿದಳು. ಅವನು ಪೆನ್ನನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಆ ಬಾಳೇ ನಂದೈತಲ್ಲ" ಎಂದ. "ಇಬ್ಬರಿಗೂ ಅದ ಆದ್ರ ಬ್ಯಾಸಿಗ್ಯಾಗ ಏನ್ ತಿನ್ನೂಣು?"

ಸೋಮವಾರ ಶಾಲೆಗೆ ಕಾಲಿಟ್ಟ ಕೂಡಲೇ ಗಿರಿಧರಭಾಯಿ ಕರೆಸಿದರು. ಫೈಲು ಕಾಣೆಯಾದದ್ದು ಗೊತ್ತಾಗಿತ್ತು. ಈ ಸಲ ಚಹಾ ಇರಲಿಲ್ಲ. ಮೂಲಪತ್ರಗಳನ್ನು ತಂದಿಡಿ, ಇಲ್ಲವಾದರೆ ಇವತ್ತೇ ಕೆಲಸ ಬಿಡಿ, ಎಂದರು.

ಸೂರತ್ತಿನ ಬಾಗಿಲು ಮುಚ್ಚಿತ್ತು, ಎದುರಿಗಿನವರಿಗೆ ಅದು ಗೊತ್ತಿರಲಿಲ್ಲ. ಯಾವ ದಾರಿಯೂ ಇಲ್ಲದ ಮೇಲೆ ಬರುವ ಒಂದು ಬಗೆಯ ಸ್ತಿಮಿತ ಪ್ರೇಮಾಳ ದನಿಯಲ್ಲಿ ಬಂತು.

"ಬಿಡ್ತೀನಿ ಸರ್. ಸಮಿತಿಯವರ ಕಾಗದದಲ್ಲಿ ದೈಹಿಕ ಶಿಕ್ಷಕಿ ಅಂತ ನನ್ನ ಹೆಸರಿದೆ. ಮಾನ್ಯತೆ ಬರೋದರೊಳಗೆ ನಾನು ಯಾಕೆ ಬಿಟ್ಟೆ ಅಂತ ಅವರು ಕೇಳಿದರೆ ಏನು ಹೇಳಲಿ?"

ಗಿರಿಧರಭಾಯಿ ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ನೀವೇ ಪೂರ್ತಿ ಬರುತ್ತದೆ ಎಂದು ಸಹಿ ಹಾಕಿದ್ದೀರಿ, ಎಂದರು. ಹೌದು, ಹಾಗಾದರೆ ಪೂರ್ತಿ ಕೊಡಿ, ನನ್ನ ಸಹಿ ನಿಜವಾಗಲಿ, ಎಂದಳು ಪ್ರೇಮಾ. ತಾನು ಇಷ್ಟು ಮಾತಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ಅವರು ಎದ್ದು ಕಪಾಟು ತೆರೆದರು. ಚೆಕ್‌ಬುಕ್ಕುಗಳ ಕಂತೆಯಿಂದ ಅವಳದೊಂದನ್ನು ಹುಡುಕಿ ತೆಗೆದು ಮೇಜಿನ ಮೇಲೆ ಜಾರಿಸಿದರು. ದನಿ ಮತ್ತೆ ಮೆಲುವಾಗಿತ್ತು.

"ಇದು ನಿಮ್ಮೊಬ್ಬರಿಗೆ ಬೆನ್. ಬೇರೆಯವರ ಕಿವಿಗೆ ಬಿದ್ದ ದಿನ ಇಬ್ಬರೂ ಮುಳುಗುತ್ತೇವೆ."

ಆ ತಿಂಗಳಿಂದ ಅವಳಿಗೆ ಪೂರ್ತಿ ಸಂಬಳ ಬಂತು. ಹಾಲೇಶ ಮುಂಬೈಯ ಕೋರ್ಸಿಗೆ ದುಡ್ಡು ಕಟ್ಟಿದ. ಸರ್ಟಿಫಿಕೇಟು ಬಂದರೆ ಜಿಮ್ಮಿನಲ್ಲಿ ಒಳ್ಳೆಯ ಗಿರಾಕಿಗಳು ಸಿಗುತ್ತಾರೆ, ಅಲ್ಲಿಯವರೆಗೆ ಮನೆ ನಡೆಯುವುದು ಅವಳ ಮೇಲೆ. ಅವಳು ನೋಡಿದಂತೆ ಗುಜರಾತಿನ ಯಾವ ಅಕಾಡೆಮಿಯೂ ಯಾವ ಜಿಮ್ಮೂ ಅಷ್ಟು ಕೊಡುವಂತಿರಲಿಲ್ಲ. ಬಿಡುವ ಮಾತು ಮನೆಯಲ್ಲಿ ತಾನಾಗಿಯೇ ನಿಂತುಹೋಯಿತು. ಹೊಸ ಚೆಕ್‌ಬುಕ್ಕುಗಳಿಗೆ ಸಹಿ ಹಾಕುವ ವಾರ ಬಂದಾಗ ಮಾತ್ರ ಅವಳಿಗೆ ಕಷ್ಟ. ಬೇರೆಯವರೆಲ್ಲ ಆಫೀಸಿನಲ್ಲಿ ಸಾಲಾಗಿ ಕೂತಿರುವಾಗ ಅವಳು ಮೈದಾನದಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಗಣಿತದ ಮೇಷ್ಟರು ಅವಳಿಗೆ ನಮಸ್ಕಾರ ಹೇಳುವುದನ್ನು ಬಿಟ್ಟರು.

ಪೂರ್ವಿ ನೇರವಾಗಿಯೇ ಕೇಳಿದಳು. ಪ್ರೇಮಾ ಸುಳ್ಳು ಹೇಳಲಿಲ್ಲ. ಪೂರ್ವಿ ಸ್ಕೇಟಿನ ಪಟ್ಟಿ ಬಿಗಿಯುತ್ತ, ಅವರನ್ನು ಹೆದರಿಸಲು ನಿನ್ನ ಹತ್ತಿರ ಒಂದು ಕಾಗದವಿತ್ತು, ಒಳ್ಳೆಯದಾಯಿತು, ಎಂದಷ್ಟೇ ಹೇಳಿದಳು. ಆಮೇಲೆ ಅವರಿಬ್ಬರೂ ಮೊದಲಿನ ಹಾಗೆ ಒಟ್ಟಿಗೆ ಊಟದ ಡಬ್ಬಿ ಬಿಚ್ಚಲಿಲ್ಲ.

ಮಾನ್ಯತೆ ಬಂತು, ಮೂರು ವರ್ಷಕ್ಕೆಂದು ತಾತ್ಕಾಲಿಕವಾಗಿ. ಸಿಹಿ ಹಂಚಿದರು. ಮಕ್ಕಳು ಹೆಚ್ಚಾದರು, ಹುಡುಗರ ವಿಭಾಗಕ್ಕೆ ಇನ್ನೊಬ್ಬ ದೈಹಿಕ ಶಿಕ್ಷಕ ಬೇಕಾದ. ಆಣಂದ್ ಕಡೆಯ ಒಬ್ಬ ಯುವಕ ಬಂದ, ಬಿ.ಪಿ.ಎಡ್. ಮುಗಿಸಿದ್ದ, ಹೆಸರು ಆಕಾಶ್. ಜೊತೆಗೆ ಅವನ ತಂದೆ. ಇಬ್ಬರೂ ಈ ಊರಿನ ಶಾಲೆಗಳ ಬಗ್ಗೆ ಏನೇನೋ ಕೇಳಿಕೊಂಡು ಬಂದಿದ್ದರು. ಗಿರಿಧರಭಾಯಿ ಅವರನ್ನು ತಾವೇ ಮೈದಾನಕ್ಕೆ ಕರೆತಂದು, ನನ್ನ ಮಾತು ಬೇಡ, ನಮ್ಮ ಪ್ರೇಮಾಬೆನ್‌ರನ್ನೇ ಕೇಳಿ, ಎಂದು ಎರಡು ಹೆಜ್ಜೆ ಹಿಂದೆ ನಿಂತರು.

ತಂದೆಯೇ ಕೇಳಿದರು. ಇಲ್ಲಿ ಸಂಬಳ ಪೂರ್ತಿ ಕೊಡುತ್ತಾರೆಯೇ, ಬೆನ್?

ಹುಡುಗಿಯರು ಆಟ ನಿಲ್ಲಿಸಿ ಇವಳ ಸೀಟಿಯ ಸದ್ದಿಗಾಗಿ ಕಾಯುತ್ತಿದ್ದರು. ಆ ಹಿರಿಯರ ಕಣ್ಣಲ್ಲಿದ್ದ ಆಸೆಯನ್ನು ಅವಳು ಮೊದಲು ಹಾಲೇಶನ ಕಣ್ಣಲ್ಲಿ ನೋಡಿದ್ದಳು.

"ನನಗೆ ಕೊಡ್ತಾರೆ" ಎಂದಳು ಪ್ರೇಮಾ. 'ನನಗೆ' ಎಂಬುದನ್ನು ಒತ್ತಿ ಹೇಳಿದೆನೆಂದೇ ಅವಳಿಗೆ ಅನ್ನಿಸಿತ್ತು. ತಂದೆಯ ಮುಖ ಅರಳಿತು. ಮಗ ಬಾಗಿ ಅವಳ ಕಾಲು ಮುಟ್ಟಿ, ಫೈಲನ್ನು ಎದೆಗೆ ಅವಚಿಕೊಂಡು ಗಿರಿಧರಭಾಯಿಯ ಹಿಂದೆ ಆಫೀಸಿನ ಕಡೆ ನಡೆದ. ಕರೆಯಬಹುದಿತ್ತು, ಮೈದಾನ ಅಷ್ಟೇನೂ ದೊಡ್ಡದಲ್ಲ. ಅವಳು ಸೀಟಿ ಊದಿದಳು.

ಮುಂದಿನ ಸಂಬಳದ ವಾರ ಆಕಾಶ್ ಆಫೀಸಿನಿಂದ ನೇರವಾಗಿ ಮೈದಾನಕ್ಕೆ ಬಂದ. ಬೆರಳಿಗೆ ಪೆನ್ನಿನ ಶಾಯಿ ಹತ್ತಿತ್ತು. ಅವಳೆದುರು ನಿಂತ, ಏನನ್ನೂ ಕೇಳಲಿಲ್ಲ. ಕೇಳಿದರೆ ಹೇಳಬೇಕೆಂದು ಅವಳು ಬೆಳಗಿನಿಂದ ಒಂದು ಮಾತನ್ನು ಜೋಡಿಸಿಟ್ಟುಕೊಂಡಿದ್ದಳು.

"ಆ ಕಡೆಯ ಗೆರೆ ಸೊಟ್ಟಗಾಗಿದೆ" ಎಂದಳು ಕೊನೆಗೆ.

ಅವನು ಸುಣ್ಣದ ಡಬ್ಬ ತೆಗೆದುಕೊಂಡು ಹೋಗಿ, ಬಾಗಿ, ಗೆರೆ ಎಳೆಯತೊಡಗಿದ.